ಇಪ್ಪತ್ತೆರಡು ಪುಟದ ರಜಾ ನಿಯಮ ಒಂದು ಪುಟಕ್ಕೆ ಬಂದ ಬಗೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಿ ಮತ್ತು ರಜೆಯ ಲೆಕ್ಕ ಇಡುವ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕಂಪನಿಯ ರಜಾ ನಿಯಮಾವಳಿ 22 ಪುಟಗಳದ್ದು. ವಕೀಲರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ್ದು. ಅದು ನಮ್ಮ ಕಪಾಟಿನಲ್ಲಿ ಇರುತ್ತಿತ್ತು. ಗೋಡೆಯ ಮೇಲೆ ಇದ್ದದ್ದು ನಾಲ್ಕು ಸಾಲಿನ ಹಳೆಯ ನೋಟೀಸು ಮಾತ್ರ, ಮತ್ತು ಕೆಲಸಗಾರರ ಪಾಲಿಗೆ ಆ ನಾಲ್ಕು ಸಾಲೇ ಪೂರ್ತಿ ನಿಯಮವಾಗಿತ್ತು. 2023ರ ಕೊನೆಯಲ್ಲಿ ನಮ್ಮ ಮ್ಯಾನೇಜರ್ ಸಾಹೇಬರು, ಯಾರಿಗೆ ರಜೆ ಸಿಗುತ್ತದೆ, ಎಷ್ಟು ಸಿಗುತ್ತದೆ, ಹೇಗೆ ಕೇಳಬೇಕು ಎಂಬ ಮೂರು ಸಂಗತಿಗಳನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಬೇಕೆಂದು ನನಗೆ ಹೇಳಿದರು. ಆ ಕೆಲಸ ಹೇಗೆ ನಡೆಯಿತು, ಯಾವ ಸಾಲುಗಳು ನಿಂತವು, ಯಾವುವು ಹೋದವು, ಯಾವ ಸಾಲಿಗಾಗಿ ಬಹಳ ಚರ್ಚೆ ಮಾಡಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಯಮಾವಳಿಯ ಅಧ್ಯಾಯಗಳನ್ನು ಒಂದೊಂದಾಗಿ ಚಿಕ್ಕದು ಮಾಡುತ್ತ ಹೋಗುವ ದಾರಿಯನ್ನು ನಾನು ಹಿಡಿಯಲಿಲ್ಲ, ಏಕೆಂದರೆ ವ್ಯಾಖ್ಯೆಗಳಿಂದ ಆರಂಭವಾಗಿ ರಿಜಿಸ್ಟರುಗಳ ನಮೂನೆಯಲ್ಲಿ ಮುಗಿಯುವ ಆ ಕ್ರಮ ಕಾನೂನು ಓದುವವರಿಗೆ ಹೊಂದುವಂಥದ್ದು. ಅದರ ಬದಲು ನಮ್ಮ ಕಿಟಕಿಗೆ ಬಂದವರು ಏನು ಕೇಳುತ್ತಾರೆಂಬುದನ್ನು ಒಂದು ವಹಿಯಲ್ಲಿ ಬರೆದಿಡತೊಡಗಿದೆ. "ನಂದು ಸೂಟಿ ಎಷ್ಟ ಉಳದಾವ್ರಿ?" "ಯಲ್ಲಮ್ಮನ ಜಾತ್ರಿಗೆ ಹೋಗೂದೈತ್ರಿ, ಅರ್ಜಿ ಯಾವಾಗ ಕೊಡಬೇಕ್ರಿ?" "ಹ್ವಾದ ವರ್ಷದ್ದು ಎಲ್ಲಾ ಹೋಗಿಬಿಟ್ಟಾವೇನ್ರಿ?" ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಮೂರರ ಸುತ್ತಲೇ ಇದ್ದವು, ಮತ್ತು ಅವುಗಳಲ್ಲಿ ಬಹುಪಾಲು ಗಳಿಕೆ ರಜೆಗೆ, ಅಂದರೆ ನಮ್ಮಲ್ಲಿ ಎಲ್ಲರೂ 'ಇಎಲ್' ಎನ್ನುವ ಪಗಾರದ ಸೂಟಿಗೆ ಸಂಬಂಧಿಸಿದವು. ಹೀಗಾಗಿ ಪುಟದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಆ ಒಂದು ರಜೆಗೇ ಕೊಡುವುದೆಂದು ಮೊದಲೇ ನಿರ್ಧರಿಸಿದೆ. ಎಲ್ಲ ರಜೆಗಳಿಗೂ ಸಮನಾದ ಚೌಕಗಳನ್ನು ಎಳೆದರೆ ಪುಟ ನೋಡಲು ಅಂದವಾಗಿರುತ್ತದೆ ನಿಜ, ಆದರೆ ಜನ ಹೆಚ್ಚು ಕೇಳುವ ವಿಷಯವೇ ಅದರಲ್ಲಿ ಇಕ್ಕಟ್ಟಾಗುತ್ತದೆ.

ಒಂದು ಸಾಲು ಉಳಿಯಬೇಕೋ ಬೇಡವೋ ಎಂಬುದಕ್ಕೆ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಈ ಸಾಲು ಗೊತ್ತಿಲ್ಲದಿದ್ದರೆ ಕೆಲಸಗಾರನು ತನಗೆ ಬರಬೇಕಾದ ರಜೆಯನ್ನು ಕಳೆದುಕೊಳ್ಳುತ್ತಾನೆಯೇ, ಅಥವಾ ಮಾಡಬಾರದ್ದನ್ನು ಮಾಡುತ್ತಾನೆಯೇ? ಹೌದಾದರೆ ಅದು ಗೋಡೆಗೆ ಹಚ್ಚುವ ಆ ಒಂದು ಪುಟದ ಕಾರ್ಡಿನಲ್ಲಿ ಇರಬೇಕು. ಟೈಮ್ ಆಫೀಸಿನವರು ಮಾತ್ರ ಬಳಸುವ ಸಾಲಾದರೆ ಅದು ಮೂಲ ನಿಯಮಾವಳಿಯಲ್ಲಿಯೇ ಇರಲಿ. ರಜೆಯ ದಿನಗಳ ಪಗಾರವನ್ನು ಹಿಂದಿನ ತಿಂಗಳ ಸರಾಸರಿಯ ಮೇಲೆ, ಓವರ್‌ಟೈಮ್ ಮತ್ತು ಬೋನಸ್ ಬಿಟ್ಟು, ತುಟ್ಟಿಭತ್ಯೆ ಸೇರಿಸಿ ಲೆಕ್ಕ ಹಾಕಬೇಕೆಂಬ ಅರ್ಧ ಪುಟದ ವಿವರಣೆ ಹೀಗೆ ಒಂದೇ ಸಾಲಿಗೆ ಇಳಿಯಿತು. ಓವರ್‌ಟೈಮ್ ಸೇರುವುದಿಲ್ಲ ಎಂಬ ಮಾತನ್ನು ಮಾತ್ರ ಉಳಿಸಿದೆ, ಏಕೆಂದರೆ ರಜೆ ಮುಗಿಸಿ ಬಂದವರು ಪಗಾರ ಕಡಿಮೆ ಬಂತೆಂದು ಕೇಳಲು ಬರುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅರ್ಹತೆಯ ಸಾಲು. ಗೋಡೆಯ ನೋಟೀಸಿನಲ್ಲಿ "ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ ಮಾತ್ರ ಗಳಿಕೆ ರಜೆ" ಎಂದು ಇತ್ತು. ನಮ್ಮ ನಿಯಮಾವಳಿ ಈ ವಿಷಯದಲ್ಲಿ ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮನ್ನು ಹಾಗೆಯೇ ಅನುಸರಿಸುತ್ತಿತ್ತು. ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದಲ್ಲಿ 240 ದಿನ ತುಂಬಿದ ವಯಸ್ಕ ಕೆಲಸಗಾರನಿಗೆ, ಆತ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದರಂತೆ, ಮುಂದಿನ ವರ್ಷದಲ್ಲಿ ಪಗಾರಸಹಿತ ರಜೆ ಸಿಗುತ್ತಿತ್ತು. ಆದರೆ ಅದೇ ಕಲಮಿನ ವಿವರಣೆಯಲ್ಲಿ ಇನ್ನೊಂದು ಮಾತಿತ್ತು. ನಿಯಮದಂತೆ ಲೇ-ಆಫ್ ಕೊಟ್ಟ, ಅಂದರೆ ಕೆಲಸವಿಲ್ಲವೆಂದು ಕಂಪನಿಯೇ ತಾತ್ಕಾಲಿಕವಾಗಿ ಮನೆಗೆ ಕಳಿಸಿದ ದಿನಗಳು, 12 ವಾರಗಳವರೆಗಿನ ಹೆರಿಗೆ ರಜೆಯ ದಿನಗಳು ಮತ್ತು ಹಿಂದಿನ ವರ್ಷ ಗಳಿಸಿದ ರಜೆಯನ್ನು ಬಳಸಿಕೊಂಡ ದಿನಗಳು, ಈ ಮೂರನ್ನೂ 240 ತುಂಬಿತೇ ಎಂದು ನೋಡುವಾಗ ಕೆಲಸದ ದಿನಗಳೆಂದೇ ಎಣಿಸಬೇಕಿತ್ತು. ಆದರೆ ಆ ದಿನಗಳಿಗೆ ಹೊಸ ರಜೆ ಹುಟ್ಟುತ್ತಿರಲಿಲ್ಲ. ಅಂದರೆ ಎಣಿಕೆ ಎರಡು ಸಲ ನಡೆಯುತ್ತದೆ, ಮತ್ತು ಎರಡೂ ಸಲ ಎಣಿಸುವ ದಿನಗಳು ಬೇರೆ ಬೇರೆ. ಹಳೆಯ ನೋಟೀಸು ಈ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು.

ಇದರಿಂದ ಏನಾಗುತ್ತದೆ ಎಂಬುದು ಮೋಲ್ಡಿಂಗ್ ವಿಭಾಗದ ಒಬ್ಬ ಹಿರಿಯ ಕೆಲಸಗಾರರ ಲೆಕ್ಕದಲ್ಲಿ ಸ್ಪಷ್ಟವಾಗಿ ಕಂಡಿತು. ಅವರು ಆ ವರ್ಷ ಕಾರ್ಖಾನೆಗೆ ಬಂದು ಕೆಲಸ ಮಾಡಿದ್ದು 226 ದಿನ. ಹಿಂದಿನ ಗಳಿಕೆಯಿಂದ 10 ದಿನ ರಜೆ ತೆಗೆದುಕೊಂಡಿದ್ದರು. ಆರ್ಡರ್ ಕಡಿಮೆಯಾಗಿ ಕುಲುಮೆ ನಿಲ್ಲಿಸಿದಾಗ 8 ದಿನ ಲೇ-ಆಫ್ ಆಗಿತ್ತು. ನೋಟೀಸು ಓದಿದ್ದ ಅವರು, 226 ಎಂದರೆ 240ಕ್ಕೆ ಕಡಿಮೆ, ಹೀಗಾಗಿ ಬರುವ ವರ್ಷ ತನಗೆ ಇಎಲ್ ಇಲ್ಲವೆಂದೇ ತಿಳಿದಿದ್ದರು. ನಾನು ಹಾಜರಿ ಪುಸ್ತಕ ತೆಗೆದು, "ಕಾಕಾ, ಇಲ್ಲೆ ನೋಡ್ರಿ, ಸೂಟಿ ಹತ್ತು, ಲೇ-ಆಫ್ ಎಂಟು, ಇವನ್ನೂ ಕೂಡಿಸಬೇಕು" ಎಂದು ತೋರಿಸಿದೆ. 226, 10 ಮತ್ತು 8 ಸೇರಿದರೆ 244. ಅರ್ಹತೆ ಇದೆ. ಮುಂದಿನ ಹೆಜ್ಜೆಯಲ್ಲಿ ಮಾತ್ರ 244 ಬರುವುದಿಲ್ಲ; ನಿಜವಾಗಿ ದುಡಿದ 226ನ್ನು 20ರಿಂದ ಭಾಗಿಸಬೇಕು. 11.3 ಬರುತ್ತದೆ. ಅರ್ಧ ದಿನಕ್ಕಿಂತ ಕಡಿಮೆ ಇರುವ ಅಪೂರ್ಣ ಭಾಗವನ್ನು ಬಿಡಬೇಕು, ಅರ್ಧ ಅಥವಾ ಹೆಚ್ಚಿದ್ದರೆ ಒಂದು ದಿನವೆಂದು ಹಿಡಿಯಬೇಕು ಎಂಬುದು ನಿಯಮ, ಆದ್ದರಿಂದ 11 ದಿನ. ಅವರು 230 ದಿನ ದುಡಿದಿದ್ದರೆ 11.5 ಬಂದು 12 ಆಗುತ್ತಿತ್ತು. ಕಾಕಾ ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡಿ, "ಹಂಗಾದ್ರ ಹಿಂದಿನ ವರ್ಷಗಳದ್ದೂ ಒಮ್ಮೆ ನೋಡ್ರಿ ಮತ್ತ" ಎಂದರು. ಆ ಮಾತು ನ್ಯಾಯವಾದದ್ದೆಂದು ನನಗೆ ಅನಿಸಿತು. ಅವರದಷ್ಟೇ ಅಲ್ಲದೆ, 240ಕ್ಕೆ ಸ್ವಲ್ಪದರಲ್ಲಿ ತಪ್ಪಿದವರೆಲ್ಲರ ಲೆಕ್ಕವನ್ನು ಮತ್ತೊಮ್ಮೆ ತೆಗೆದು ನೋಡಲು ಸಾಹೇಬರೂ ಒಪ್ಪಿದರು.

ಈ ಲೆಕ್ಕವನ್ನು ಕಾರ್ಡಿನಲ್ಲಿ ಬರೆಯುವಾಗ ನಾನು ಅದನ್ನು ಒಂದು ವಾಕ್ಯಕ್ಕೆ ಇಳಿಸಲು ಬಹಳ ಪ್ರಯತ್ನಪಟ್ಟೆ. ಆದರೆ ಒಂದೇ ವಾಕ್ಯದಲ್ಲಿ ಬರೆದಾಗಲೆಲ್ಲ ಓದುವವರು ಎರಡು ಎಣಿಕೆಗಳನ್ನು ಬೆರೆಸಿಕೊಳ್ಳುತ್ತಿದ್ದರು. 244ನ್ನೇ 20ರಿಂದ ಭಾಗಿಸಿ 12 ಎನ್ನುತ್ತಿದ್ದರು. ಕೊನೆಗೆ ಅದನ್ನು ಎರಡು ಸಾಲು ಮಾಡಿದೆ. ಮೊದಲ ಸಾಲು: "ರಜೆ ಸಿಗುತ್ತದೆಯೇ? ಕೆಲಸದ ದಿನ, ಲೇ-ಆಫ್ ದಿನ, ಬಳಸಿದ ಗಳಿಕೆ ರಜೆ, 12 ವಾರದವರೆಗಿನ ಹೆರಿಗೆ ರಜೆ ಎಲ್ಲವನ್ನೂ ಕೂಡಿಸಿರಿ. 240 ಅಥವಾ ಹೆಚ್ಚಾದರೆ ಸಿಗುತ್ತದೆ." ಎರಡನೆಯ ಸಾಲು: "ಎಷ್ಟು ಸಿಗುತ್ತದೆ? ಕೆಲಸ ಮಾಡಿದ ದಿನಗಳನ್ನು ಮಾತ್ರ 20ರಿಂದ ಭಾಗಿಸಿರಿ." ಇವುಗಳ ಕೆಳಗೆ ಕಾಕಾ ಅವರ ಅಂಕಿಗಳನ್ನೇ ಹೆಸರಿಲ್ಲದೆ ಉದಾಹರಣೆಯಾಗಿ ಹಾಕಿದೆ. ಜಾಗ ಕಡಿಮೆಯಿರುವಾಗ ಉದಾಹರಣೆ ಏಕೆ ಎಂದು ನಮ್ಮ ಆಫೀಸಿನಲ್ಲೇ ಕೇಳಿದವರಿದ್ದರು. ನನ್ನ ಅಭಿಪ್ರಾಯದಲ್ಲಿ ಕಾರ್ಡಿನಲ್ಲಿ ಕೊನೆಗೆ ತೆಗೆಯಬೇಕಾದದ್ದು ಯಾವುದಾದರೂ ಇದ್ದರೆ ಅದು ಈ ಉದಾಹರಣೆ, ಏಕೆಂದರೆ ನಿಯಮವನ್ನು ಓದಿ ತಪ್ಪಾಗಿ ತಿಳಿದವರು ಸಹ ಅಂಕಿಗಳನ್ನು ನೋಡಿದಾಗ ಸರಿಪಡಿಸಿಕೊಳ್ಳುತ್ತಿದ್ದರು.

ವರ್ಷದ ನಡುವೆ ಸೇರಿದವರಿಗೆ ಇನ್ನೊಂದು ಸಾಲು ಬೇಕಾಯಿತು. ಜನವರಿ 1ರಂದು ಅಲ್ಲದೆ ಬೇರೆ ದಿನ ಸೇರಿದವರಿಗೆ 240ರ ಲೆಕ್ಕ ಇರಲಿಲ್ಲ. ಆ ವರ್ಷದಲ್ಲಿ ಉಳಿದ ದಿನಗಳ ಮೂರನೇ ಎರಡರಷ್ಟು ಕೆಲಸ ಮಾಡಿದ್ದರೆ ಸಾಕಿತ್ತು. ಜುಲೈ 1ಕ್ಕೆ ಸೇರಿದವರಿಗೆ ಉಳಿಯುವುದು 184 ದಿನ, ಅದರ ಮೂರನೇ ಎರಡು ಅಂದರೆ 123 ದಿನ ತುಂಬಬೇಕಿತ್ತು. "ಮೂರನೇ ಎರಡು" ಎಂಬ ಮಾತು ಅನೇಕರಿಗೆ ಅಷ್ಟು ಸುಲಭವಾಗಿರಲಿಲ್ಲವಾದ್ದರಿಂದ ಜುಲೈ 1ರ ಈ ಅಂಕಿಯನ್ನೇ ಮಾದರಿಯಾಗಿ ಕೊಟ್ಟು, ಬೇರೆ ದಿನ ಸೇರಿದವರು ಟೈಮ್ ಆಫೀಸಿನಲ್ಲಿ ಕೇಳಬೇಕೆಂದು ಬರೆದೆ. ಠೇಕೇದಾರರ ಮೂಲಕ ಬಂದವರೂ ಕಾಯ್ದೆಯ ವ್ಯಾಖ್ಯೆಯಲ್ಲಿ ಕೆಲಸಗಾರರೇ ಆಗಿರುವುದರಿಂದ, ಈ ರಜೆ ಅವರಿಗೂ ಇದೆ ಎಂಬ ಮಾತನ್ನು ಅರ್ಹತೆಯ ಮೊದಲ ಸಾಲಿನಲ್ಲಿಯೇ ಸೇರಿಸಿದೆ. ಎರಕದ ತುಂಡುಗಳನ್ನು ಉಜ್ಜಿ ನಯ ಮಾಡುವ ಫೆಟ್ಲಿಂಗ್ ವಿಭಾಗದಲ್ಲಿ ಬಹಳಷ್ಟು ಜನ ಅದು ಕಂಪನಿಯ ಕಾಯಂ ನೌಕರರಿಗೆ ಮಾತ್ರ ಎಂದು ನಂಬಿದ್ದರು.

ಮಿತಿಯ ಭಾಗಕ್ಕೆ ಬಂದಾಗ ಸಾಹೇಬರ ಜೊತೆ ನನ್ನ ಚರ್ಚೆ ನಡೆಯಿತು. ಬಳಸದೆ ಉಳಿದ ಗಳಿಕೆ ರಜೆ ಮುಂದಿನ ವರ್ಷಕ್ಕೆ ಸೇರುತ್ತದೆ, ಆದರೆ ಹೀಗೆ ಮುಂದಕ್ಕೆ ಹೋಗುವುದು ಒಟ್ಟು 30 ದಿನಗಳನ್ನು ಮೀರಬಾರದು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ 79ನೇ ಕಲಮಿನಲ್ಲಿ ಇದಕ್ಕೊಂದು ಅಪವಾದವಿತ್ತು: ಕೆಲಸಗಾರನು ನಿಯಮದಂತೆ ಅರ್ಜಿ ಕೊಟ್ಟು, ಕಂಪನಿ ಆ ರಜೆಯನ್ನು ನಿರಾಕರಿಸಿದ್ದರೆ, ನಿರಾಕರಿಸಿದ ಆ ದಿನಗಳು ಯಾವ ಮಿತಿಯೂ ಇಲ್ಲದೆ ಮುಂದಕ್ಕೆ ಹೋಗುತ್ತಿದ್ದವು. ಸಾಹೇಬರು ಇದನ್ನು ಅಪರೂಪದ ಪ್ರಸಂಗವೆಂದು ಕಾರ್ಡಿನಿಂದ ಬಿಡಲು ಹೇಳಿದರು. ನಾನು ಮತ್ತೆ ಕಾಕಾ ಅವರ ಲೆಕ್ಕವನ್ನೇ ಮುಂದಿಟ್ಟೆ. ಅವರ ಖಾತೆಯಲ್ಲಿ ಹಳೆಯ 24 ದಿನ ಇದ್ದವು, ಹೊಸದಾಗಿ 11 ಸೇರಿ 35 ಆಗುತ್ತವೆ. ವರ್ಷವಿಡೀ ಅವರು ಏನೂ ಬಳಸದಿದ್ದರೆ 30 ಉಳಿದು 5 ದಿನ ಹೋಗುತ್ತವೆ. ಆದರೆ ಭತ್ತದ ಸುಗ್ಗಿಯಲ್ಲಿ ಅವರು ಐದು ದಿನ ಕೇಳಿ, ಸೂಪರ್‌ವೈಸರ್ "ಈಗ ಲೋಡ್ ಭಾಳ ಐತಿ, ಆಮ್ಯಾಲ ನೋಡೂಣು" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ, ಅರ್ಜಿಯೂ ಇಲ್ಲ, ನಿರಾಕರಣೆಯ ದಾಖಲೆಯೂ ಇಲ್ಲ. ಆಗ ಆ 5 ದಿನ ಕಳೆದುಹೋಗುತ್ತವೆ. ಅದೇ ಮಾತು ಅರ್ಜಿಯ ಮೇಲೆ ಬರಹದಲ್ಲಿ ಬಂದಿದ್ದರೆ 35ಕ್ಕೆ 35 ದಿನವೂ ಉಳಿಯುತ್ತವೆ. ಖಾನಾಪುರ, ದೇಸೂರು, ಮಚ್ಛೆ ಕಡೆಯಿಂದ ಬರುವ ನಮ್ಮ ಕೆಲಸಗಾರರಲ್ಲಿ ಅನೇಕರಿಗೆ ಹೊಲವಿದೆ. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ರಜೆ ಕೇಳುತ್ತಾರೆ, ಎಲ್ಲರಿಗೂ ಕೊಡಲು ಆಗುವುದಿಲ್ಲ. ಹೀಗಿರುವಾಗ ಈ ಪ್ರಸಂಗ ನಮ್ಮಲ್ಲಿ ಅಪರೂಪದ್ದಲ್ಲ, ಪ್ರತಿ ವರ್ಷದ್ದು ಎಂದು ನಾನು ಹೇಳಿದೆ. ಸಾಹೇಬರು ರಿಜಿಸ್ಟರ್ ತರಿಸಿ ನೋಡಿ ಒಪ್ಪಿದರು, ಮತ್ತು ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಲು ಅವರೇ ಹೇಳಿದರು.

ಈ ಕಾರಣಕ್ಕೇ ವಿಧಾನದ ಭಾಗವು "ರಜೆ ಅರ್ಜಿಯನ್ನು ಬರಹದಲ್ಲಿ, ಎರಡು ಪ್ರತಿಗಳಲ್ಲಿ ಕೊಡಿರಿ; ಒಂದರ ಮೇಲೆ ತಾರೀಖು ಸಹಿತ ಠಸೆ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ" ಎಂಬ ಮಾತಿನಿಂದ ಆರಂಭವಾಗುತ್ತದೆ. ಎರಡನೆಯದು ಸಮಯ: ರಜೆ ಆರಂಭವಾಗುವುದಕ್ಕೆ ಕನಿಷ್ಠ 15 ದಿನ ಮೊದಲು ಅರ್ಜಿ ತಲುಪಬೇಕಿತ್ತು, ಮತ್ತು ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ಬಾರಿ ಗಳಿಕೆ ರಜೆ ತೆಗೆದುಕೊಳ್ಳುವಂತಿರಲಿಲ್ಲ. ಈ ಮೂರು ಸಲದ ಮಿತಿ ಬಹಳ ಜನರಿಗೆ ಗೊತ್ತಿರಲಿಲ್ಲ. ಒಂದೊಂದೇ ದಿನ ಎಂದು ಇಎಲ್ ಕೇಳುತ್ತಿದ್ದವರು ಮದುವೆಯ ದಿನಗಳು ಬರುವ ಹೊತ್ತಿಗೆ ಮೂರನ್ನೂ ಮುಗಿಸಿರುತ್ತಿದ್ದರು. ಏಕಾಏಕಿ ಕಾಯಿಲೆ ಬಿದ್ದಾಗ ಮಾತ್ರ 15 ದಿನದ ಮುಂಚಿನ ಅರ್ಜಿ ಬೇಕಿಲ್ಲ ಎಂಬುದನ್ನು ಅದರ ಪಕ್ಕದಲ್ಲಿಯೇ ಬರೆದೆ. ರಜೆಯ ನಡುವೆ ಅಥವಾ ಅದರ ಎರಡು ತುದಿಗಳಲ್ಲಿ ವಾರದ ಸೂಟಿ, ಹಬ್ಬದ ಸೂಟಿ ಬಂದರೆ ಅವು ಗಳಿಕೆ ರಜೆಯಿಂದ ಕಳೆಯುವುದಿಲ್ಲ ಎಂಬ ಸಾಲಿನಿಂದ ಈ ಭಾಗ ಮುಗಿಯುತ್ತದೆ.

ಸಾಂದರ್ಭಿಕ ರಜೆ ಮತ್ತು ಕಾಯಿಲೆ ರಜೆಗೆ ಒಂದೊಂದು ಸಾಲು ಸಾಕಾಯಿತು. ಆದರೆ ಅಲ್ಲಿಯೂ ಒಂದು ತೊಡಕು ಸಿಕ್ಕಿತು. ನಮ್ಮ ನಿಯಮಾವಳಿಯಲ್ಲಿ ಗಳಿಕೆ ರಜೆಯ ವರ್ಷ ಜನವರಿಯಿಂದ ಆರಂಭವಾಗುತ್ತದೆ, ಸಾಂದರ್ಭಿಕ ರಜೆಯ ವರ್ಷ ಏಪ್ರಿಲ್‌ನಿಂದ. ಕಾರ್ಡಿನಲ್ಲಿ ಬರಿದೆ "ವರ್ಷಕ್ಕೆ" ಎಂದು ಬರೆದರೆ ಡಿಸೆಂಬರ್ ಕೊನೆಗೆ ಎಲ್ಲರೂ ಸಾಂದರ್ಭಿಕ ರಜೆಯನ್ನು ಮುಗಿಸಲು ಧಾವಿಸುತ್ತಾರೆ, ಮಾರ್ಚಿನವರೆಗೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಪ್ರತಿ ರಜೆಯ ಎದುರಿಗೂ "ಜನವರಿ–ಡಿಸೆಂಬರ್" ಅಥವಾ "ಏಪ್ರಿಲ್–ಮಾರ್ಚ್" ಎಂದು ಸ್ಪಷ್ಟವಾಗಿ ನಮೂದಿಸಿದೆ. ಕಾಯಿಲೆಯ ಸಾಲಿನಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಿಷಯ ಬರಲೇಬೇಕಿತ್ತು, ಏಕೆಂದರೆ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರೆಲ್ಲರೂ ಅದರಲ್ಲಿ ಬರುತ್ತಾರೆ. ದೀರ್ಘ ಕಾಯಿಲೆಯಾದಾಗ, ವಂತಿಗೆಯ ಷರತ್ತು ತುಂಬಿದ್ದರೆ, ಪಗಾರದ ಶೇಕಡಾ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಕಾಯಿಲೆ ಭತ್ಯೆ ಸಿಗುತ್ತದೆ, ಮತ್ತು ಅದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು. ಖಾಸಗಿ ದವಾಖಾನೆಯ ಚೀಟಿ ಹಿಡಿದು ತಿರುಗಾಡಿ ದಣಿದವರನ್ನು ನಾನು ನೋಡಿದ್ದೇನೆ. ಷರತ್ತುಗಳ ಪೂರ್ತಿ ವಿವರ ಕಾರ್ಡಿನಲ್ಲಿ ಹಿಡಿಯುವಂಥದ್ದಲ್ಲ. ಎಲ್ಲಿಗೆ ಹೋಗಬೇಕು, ಯಾವ ಕಾಗದ ತರಬೇಕು ಎಂಬುದಷ್ಟನ್ನೇ ಬರೆದೆ.

ಬರಹ ಮುಗಿದಾಗ ಅದು ಎ4 ಹಾಳೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿತ್ತು, ಆದರೆ ಅಕ್ಷರಗಳನ್ನು ಸಣ್ಣದು ಮಾಡಿದರೆ ಮಾತ್ರ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ, ಅದರಲ್ಲೂ ಲ್ಯಾಮಿನೇಶನ್ ಮಾಡಿ ಮೇಲೆ ಮಸಿ ಕೂತ ಮೇಲೆ, ಒಂದಕ್ಕೊಂದು ಕೂಡಿಕೊಂಡು ಓದಲು ಬರುವುದಿಲ್ಲ. ಹೀಗಾಗಿ ಅಕ್ಷರ ಸಣ್ಣದು ಮಾಡುವ ಬದಲು ಮಾತು ಕಡಿಮೆ ಮಾಡಿದೆ. ಕಂಪನಿಯ ಪೀಠಿಕೆ, ರಜೆಗಳ ಇಂಗ್ಲಿಷ್ ಪೂರ್ಣ ಹೆಸರುಗಳು, ಹಬ್ಬದ ಸೂಟಿಗಳ ಪಟ್ಟಿ ಇವೆಲ್ಲ ಹೋದವು. ಹಬ್ಬಗಳ ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ ಮತ್ತು ಅದಕ್ಕೆ ಬೇರೆ ಕಾಯ್ದೆ, ಬೇರೆ ನೋಟೀಸು ಇದೆ. ಮರಾಠಿ ಓದುವ ಜೊತೆಗಾರರಿಗಾಗಿ ಅದೇ ಕಾರ್ಡನ್ನು ಪ್ರತ್ಯೇಕ ಹಾಳೆಯಲ್ಲಿ ಮಾಡಿಸಿದೆವು. ಎರಡು ಭಾಷೆಗಳನ್ನು ಒಂದೇ ಹಾಳೆಯಲ್ಲಿ ತುರುಕಿದರೆ ಎರಡನ್ನೂ ಓದಲಾಗುತ್ತಿರಲಿಲ್ಲ.

ಅಚ್ಚಿಗೆ ಕೊಡುವ ಮೊದಲು ಕಾರ್ಡನ್ನು ಪರೀಕ್ಷಿಸಿದ ರೀತಿಯನ್ನು ಹೇಳಬೇಕು. ತಿಳಿಯಿತೇ ಎಂದು ಕೇಳಿದರೆ ಎಲ್ಲರೂ ಮರ್ಯಾದೆಗಾಗಿ ತಿಳಿಯಿತೆಂದೇ ಹೇಳುತ್ತಾರೆ. ಆದ್ದರಿಂದ ಹಾಗೆ ಕೇಳದೆ, ನಮ್ಮ ರಿಜಿಸ್ಟರಿನಿಂದಲೇ ಆರಿಸಿದ ಲೆಕ್ಕಗಳನ್ನು ಹೆಸರು ತೆಗೆದು ಚೀಟಿಗಳಲ್ಲಿ ಬರೆದು, ಮೋಲ್ಡಿಂಗ್, ಫೆಟ್ಲಿಂಗ್ ಮತ್ತು ಮಷೀನ್ ಶಾಪಿನ ಕೆಲವರಿಗೆ ಕೊಟ್ಟೆ. ಕಾರ್ಡು ಮಾತ್ರ ನೋಡಿ ಉತ್ತರ ಹೇಳಬೇಕಿತ್ತು, ಸರಿಯಾದ ಉತ್ತರ ರಿಜಿಸ್ಟರಿನಲ್ಲಿ ಮೊದಲೇ ಇತ್ತು. ಗಳಿಕೆ ರಜೆಯ ಎರಡು ಸಾಲುಗಳು ಈ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತವು. ಎಡವಿದ್ದು "ಮಂಜೂರಾತಿ ಪಡೆದು ಹೋಗತಕ್ಕದ್ದು" ಎಂಬ ಸಾಲಿನಲ್ಲಿ. ಅರ್ಜಿಯ ಮೇಲೆ ಠಸೆ ಬಿದ್ದರೆ ಅದೇ ಮಂಜೂರಾತಿ ಎಂದು ಹಲವರು ತಿಳಿದರು. ಮಷೀನ್ ಶಾಪಿನ ಒಬ್ಬ ತಂಗಿ ನೇರವಾಗಿ ಕೇಳಿದಳು: "ಅಣ್ಣಾ, ಠಸೆ ಬಿತ್ತಂದ್ರ ಹೋಗಬಹುದಲಾ?" ಹಾಗೆ ಹೋದವರು ಗೈರುಹಾಜರಿ ಎಂದು ದಾಖಲಾಗುವ ಅಪಾಯವಿರುವುದರಿಂದ ಆ ಸಾಲನ್ನು ಬದಲಿಸಿ, "ಠಸೆ ಎಂದರೆ ಅರ್ಜಿ ತಲುಪಿದೆ ಎಂದಷ್ಟೇ ಅರ್ಥ. ಅರ್ಜಿಯ ಮೇಲೆ 'ಮಂಜೂರು' ಎಂದು ಸಹಿಯಾದ ಮೇಲೆ ರಜೆ ಮೇಲೆ ಹೋಗಿರಿ" ಎಂದು ಬರೆದು, ಮತ್ತೆ ಬೇರೆಯವರಿಗೆ ಓದಿಸಿ ನೋಡಿದೆ.

ಕಾರ್ಡಿನ ಅಡಿಯಲ್ಲಿ ಎರಡು ಸಾಲುಗಳಿವೆ. ಕಾರ್ಡಿಗೂ ಮೂಲ ನಿಯಮಾವಳಿಗೂ ವ್ಯತ್ಯಾಸ ಕಂಡರೆ ನಿಯಮಾವಳಿಯೇ ನಿರ್ಣಾಯಕ, ಅದನ್ನು ಟೈಮ್ ಆಫೀಸಿನಲ್ಲಿ ಯಾರಾದರೂ ಕೇಳಿ ನೋಡಬಹುದು ಎಂಬುದು ಮೊದಲನೆಯದು. ಎರಡನೆಯದು ಕಾರ್ಡಿನ ತಾರೀಖು ಮತ್ತು ಆವೃತ್ತಿಯ ಸಂಖ್ಯೆ. ಯಾವ ಯಾವ ಗೋಡೆಯ ಮೇಲೆ ಕಾರ್ಡು ಹಚ್ಚಿದೆವು ಎಂಬ ಪಟ್ಟಿಯನ್ನೂ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದಿಟ್ಟೆ. ನಿಯಮ ಬದಲಾದಾಗ ಒಂದು ಮೂಲೆಯಲ್ಲಿ ಉಳಿದ ಹಳೆಯ ಹಾಳೆ ಹೊಸ ನಿಯಮಕ್ಕಿಂತ ಹೆಚ್ಚು ಜನರನ್ನು ತಲುಪಿಬಿಡುತ್ತದೆ. ಆ ಪಟ್ಟಿ ಉಪಯೋಗಕ್ಕೆ ಬಂದದ್ದು 2025ರಲ್ಲಿ. ಆ ವರ್ಷದ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಈ ರಜೆಯ ಅರ್ಹತೆಗೆ 240ರ ಬದಲು 180 ದಿನ ಎಂದಿದೆ. ಪ್ರತಿ 20 ದಿನಕ್ಕೆ ಒಂದು ರಜೆ ಎಂಬುದು ಹಾಗೆಯೇ ಉಳಿದಿದೆ. ಪಟ್ಟಿ ಹಿಡಿದು ಒಂದೊಂದೇ ವಿಭಾಗಕ್ಕೆ ಹೋಗಿ ಹಳೆಯ ಕಾರ್ಡುಗಳನ್ನು ತೆಗೆಸಿದೆ, ಮತ್ತು ಅರ್ಹತೆಯ ಮೊದಲ ಸಾಲಿನಿಂದ ಹೊಸ ಕಾರ್ಡು ಬರೆಯತೊಡಗಿದೆ.